ಸತ್ಯಾಂಶ: ಬಾಡೂಟದ ನಂತರದ ಬಲಪಕ್ಕೆಯ ನೋವು ಮತ್ತು ಎಣ್ಣೆ-ನಿಂಬೆಯ ಮದ್ದು

“ಬಲಪಕ್ಕೆಯ ಕೆಳಗೆ ನೋವು ಬಂದರೆ ರಾತ್ರಿ ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿಯಿರಿ, ಬೆಳಿಗ್ಗೆ ಪಿತ್ತಕೋಶದ ಕಲ್ಲುಗಳು ಹಸಿರಾಗಿ ಹೊರಬೀಳುತ್ತವೆ ಎಂದು ಮೆಸೇಜ್ ಬಂದಿದೆ. ನಿಜವೇ?”

ನಿಜವಲ್ಲ. ಯಕೃತ್ತು ತಯಾರಿಸುವ ಪಿತ್ತರಸವನ್ನು ಪಿತ್ತಕೋಶ ಗಟ್ಟಿಗೊಳಿಸಿ, ಸುಮಾರು 30ರಿಂದ 50 ಮಿಲಿಲೀಟರಿನಷ್ಟನ್ನು ಕೂಡಿಟ್ಟುಕೊಂಡಿರುತ್ತದೆ. ಜಿಡ್ಡು ಸಣ್ಣ ಕರುಳಿಗೆ ಇಳಿದೊಡನೆ ಅಲ್ಲಿಂದ ಹೊರಡುವ ಹಾರ್ಮೋನು ಈ ಚೀಲವನ್ನು ಕುಗ್ಗಿಸಿ ರಸವನ್ನು ಹೊರಗೆ ಹಿಂಡಿಸುತ್ತದೆ. ಆಗ ಒಳಗಿನ ಕಲ್ಲೊಂದು ಕಿರಿದಾದ ನಾಳದ ಬಾಯಿಗೆ ಸಿಕ್ಕಿಕೊಂಡರೆ ಒತ್ತಡ ಏರಿ ನೋವು ಹುಟ್ಟುತ್ತದೆ. ಎಣ್ಣೆ ಕುಡಿದರೆ ಅದೇ ಹಿಂಡುವಿಕೆ ಮತ್ತೆ ಕೆರಳುತ್ತದೆ. ಹೊರಬೀಳುವ ಹಸಿರು ಉಂಡೆಗಳು ಎಣ್ಣೆಯೂ ಜೀರ್ಣರಸವೂ ಸೇರಿ ಕರುಳಿನಲ್ಲೇ ಆದ, ಒತ್ತಿದರೆ ಮೆತ್ತಗಿರುವ, ಸಾಬೂನಿನಂಥ ಮುದ್ದೆಗಳು.

ಕೋಲಾರದಲ್ಲಿರುವ ನಮ್ಮ ಅತ್ತಿಗೆಗೆ ವರ್ಷತೊಡಕಿನ ಊಟವಾಗಿ ಗಂಟೆಯೊಳಗೆ ಶುರುವಾದ ನೋವು ಬಲಭುಜದ ಹಿಂದಕ್ಕೂ ಹರಡಿ, ತೇಗು ಬಂದರೂ ಮಗ್ಗುಲು ಬದಲಿಸಿದರೂ ತಗ್ಗದೆ, ಎರಡು ಗಂಟೆ ಒಂದೇ ಸಮನೆ ನಿಂತಿತ್ತು. ಗ್ಯಾಸ್ ಎಂದು ನಾವೆಲ್ಲ ಸೋಡಾ ಕುಡಿಸಿದೆವು. ಆ ತಪ್ಪು ನನ್ನನ್ನು ಇಂದಿಗೂ ಕಾಡುತ್ತದೆ. ಮರುದಿನ ಖಾಲಿ ಹೊಟ್ಟೆಯಲ್ಲಿ ಮಾಡಿದ ಸ್ಕ್ಯಾನಿಂಗಿನಲ್ಲಿ ಕಲ್ಲುಗಳು ಕಂಡವು. ಉಪವಾಸವಿದ್ದಾಗ ಪಿತ್ತಕೋಶ ತುಂಬಿರುವುದರಿಂದಲೇ ಅವು ಸ್ಪಷ್ಟವಾಗಿ ತೋರುತ್ತವೆ.

ಎಂದೂ ನೋವು ಕೊಡದ ಕಲ್ಲಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ. ಮರುಕಳಿಸುವ ನೋವಿಗೆ ಪಿತ್ತಕೋಶವನ್ನೇ ತೆಗೆಯುವುದುಂಟು. ಆಮೇಲೆ ಪಿತ್ತರಸ ಯಕೃತ್ತಿನಿಂದ ನೇರವಾಗಿ ಕರುಳಿಗೆ ಹರಿಯುತ್ತದೆ. ಆದರೆ ನೋವು ಐದಾರು ಗಂಟೆ ದಾಟಿದರೆ, ಚಳಿಜ್ವರ ಬಂದರೆ ಅಥವಾ ಕಣ್ಣು ಹಳದಿಯಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.