ಪ್ರೋಟೀನ್ ತುಂಡಿನಲ್ಲಿ, ವ್ಯತ್ಯಾಸ ಎಣ್ಣೆಯಲ್ಲಿ

"ತೂಕ ಮಾಡದೆ ಹೊರಗಿನ ಊಟದ ಪ್ರೋಟೀನ್, ಕ್ಯಾಲೊರಿ ಲೆಕ್ಕ ಹಾಕುವುದು ಹೇಗೆ?"

ಎರಡನ್ನೂ ಬೇರೆಬೇರೆಯಾಗಿ ಅಂದಾಜು ಮಾಡಬೇಕು. ಕೋಳಿಮಾಂಸದ ಗ್ರೇವಿ ಮತ್ತು ಒಂದು ಕಪ್ ಅನ್ನವನ್ನೇ ತೆಗೆದುಕೊಳ್ಳಿ. ಮೂಳೆ ಬಿಟ್ಟು, ಬೆರಳುಗಳನ್ನು ಹೊರತುಪಡಿಸಿದ ಅಂಗೈಯಷ್ಟು ಅಗಲ ಮತ್ತು ದಪ್ಪವಿರುವ ಬೆಂದ ಮಾಂಸ ಸುಮಾರು 100 ಗ್ರಾಂ ತೂಗುತ್ತದೆ. ಅದರಲ್ಲಿ 25ರಿಂದ 30 ಗ್ರಾಂ ಪ್ರೋಟೀನ್ ಇರುತ್ತದೆ, ಅನ್ನದಿಂದ ಇನ್ನು ನಾಲ್ಕು ಗ್ರಾಂ ಸೇರುತ್ತದೆ. ಮಾಂಸ ಮತ್ತು ಅನ್ನದ ಕ್ಯಾಲೊರಿ ಒಟ್ಟು 380ರ ಆಸುಪಾಸು.

ಲೆಕ್ಕ ತಪ್ಪುವುದು ಎಣ್ಣೆಯಲ್ಲಿ. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ ಇರುವುದರಿಂದ, ಗ್ರೇವಿಯಲ್ಲಿ ಒಂದು ಚಮಚವಿದ್ದರೆ ಊಟ 500, ಮೂರಿದ್ದರೆ 740 ಆಗುತ್ತದೆ, ಆದರೆ ಪ್ರೋಟೀನ್ ಬದಲಾಗುವುದೇ ಇಲ್ಲ. ಗ್ರೇವಿಯ ಮೇಲೆ ಎಣ್ಣೆ ಪದರವಾಗಿ ತೇಲುತ್ತಿದ್ದರೆ ಮೂರು ಚಮಚವೆಂದೇ ಹಿಡಿಯುವುದು ಸರಿ. ಕೆನೆ ಅಥವಾ ಗೋಡಂಬಿ ಅರೆದು ಹಾಕಿದ ಗ್ರೇವಿಯಲ್ಲಿ ಮಾತ್ರ ಕೊಬ್ಬು ಕಣ್ಣಿಗೆ ಕಾಣದೆ ಬೆರೆತಿರುತ್ತದೆ.