ಬಲೆ ಹಾಕೋದನ್ನ ತಿಮಿಂಗಿಲಕ್ಕೆ ಕಲಿಸಿದ್ದು ಯಾರು?

ಕಳೆದ ವಾರ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಟೀ ಕುಡಿಯುತ್ತಾ ಗೆಳೆಯನಿಗೆ ಮೊಬೈಲ್‌ನಲ್ಲಿ ಒಂದು ವಿಡಿಯೋ ತೋರಿಸಿದೆ. ಅಲಾಸ್ಕಾದ ಕಡಲು. ನೀರಿನ ಮೇಲೆ ದೊಡ್ಡ ಉಂಗುರದ ಹಾಗೆ ಗುಳ್ಳೆಗಳು ಏಳುತ್ತವೆ. ಸ್ವಲ್ಪ ಹೊತ್ತಿಗೆ ಆ ಉಂಗುರದ ನಡುವಿನಿಂದ ಏಳೆಂಟು ಹಂಪ್‌ಬ್ಯಾಕ್ ತಿಮಿಂಗಿಲಗಳು ಬಾಯಿ ತೆರೆದುಕೊಂಡು ಒಟ್ಟಿಗೆ ಮೇಲೆದ್ದು ಬರುತ್ತವೆ. ಅವನು ನೋಡಿ, "ಮೀನಿನ ಮರಿಗೆ ಈಜು ಕಲಿಸಬೇಕೇನೋ? ಹುಟ್ಟುಗುಣ ಬಿಡು" ಅಂದ.

ತಿಮಿಂಗಿಲ ಮೀನೇ ಅಲ್ಲ, ಅದು ಬೇರೆ ವಿಷಯ. ನನ್ನ ತಕರಾರು ಇರೋದು ಹುಟ್ಟುಗುಣ ಅನ್ನೋ ಮಾತಿನ ಮೇಲೆ.

ಗುಬ್ಬಿ ಹತ್ತಿರದ ನಮ್ಮೂರಲ್ಲಿ ಬೇಸಿಗೆಗೆ ಕೆರೆ ನೀರು ಇಳಿದಾಗ ಊರವರೆಲ್ಲ ಮೀನು ಹಿಡಿಯಲು ಇಳಿಯುತ್ತಿದ್ದರು. ಅರ್ಧ ಜನ ಕೋಲಲ್ಲಿ ನೀರು ಬಡಿಯುತ್ತಾ ಮೀನನ್ನು ಒಂದು ಮೂಲೆಗೆ ಅಟ್ಟಬೇಕು. ಇನ್ನರ್ಧ ಜನ ಅಲ್ಲಿ ಬಲೆ ಹಿಡಿದು ನಿಂತಿರಬೇಕು. "ಎಳೀರ್ಲಾ!" ಅಂತ ನಮ್ಮ ದೊಡ್ಡಪ್ಪ ಕೂಗುವವರೆಗೂ ಯಾರೂ ಬಲೆ ಎತ್ತುವಂತಿಲ್ಲ. ಒಮ್ಮೆ ನಾನು ಆತುರಕ್ಕೆ ನನ್ನ ಕಡೆಯ ಅಂಚು ಎತ್ತಿದೆ. ಗೆಂಡೆ ಮೀನುಗಳೆಲ್ಲ ನನ್ನ ಕಾಲ ಸಂದಿಯಲ್ಲೇ ನುಗ್ಗಿಹೋದವು. ಇದನ್ನೆಲ್ಲ ನಾನು ಹುಟ್ಟುತ್ತಲೇ ತಿಳಿದು ಬಂದಿರಲಿಲ್ಲ, ಅಲ್ವಾ?

ಅಲಾಸ್ಕಾದಲ್ಲೂ ಕೆಲಸ ಹೀಗೇ ಹಂಚಿಕೆಯಾಗುತ್ತದೆ. ಹೆರಿಂಗ್ ಮೀನಿನ ಹಿಂಡು ಆಳದಲ್ಲಿರುತ್ತದೆ. ಒಂದು ತಿಮಿಂಗಿಲ ಹಿಂಡಿನ ಸುತ್ತ ಸುತ್ತು ಹಾಕುತ್ತಾ ತಲೆ ಮೇಲಿನ ಉಸಿರುರಂಧ್ರದಿಂದ ಗಾಳಿ ಬಿಡುತ್ತದೆ. ಗುಳ್ಳೆಗಳು ಏಳುತ್ತಾ ಗೋಡೆಯಂತೆ ನಿಲ್ಲುತ್ತವೆ. ಹೆರಿಂಗ್‌ಗೆ ಗುಳ್ಳೆ ಅಂದರೆ ಭಯ, ದಾಟಿ ಹೋಗಲ್ಲ. ಆಗ ಕೆಳಗಿನಿಂದ ಇನ್ನೊಂದು ತಿಮಿಂಗಿಲ ಜೋರಾಗಿ ಕೂಗುತ್ತದೆ. ಆ ಸದ್ದಿಗೆ ಬೆದರಿದ ಮೀನು ಮೇಲಕ್ಕೆ ಓಡುತ್ತದೆ, ಓಡಿ ನೀರಿನ ಮೇಲ್ಮೈಗೆ ಬಂದು ಸಿಕ್ಕಿಬೀಳುತ್ತದೆ. ಉಳಿದವು ಒಟ್ಟಿಗೆ ಬಾಯಿ ತೆರೆದು ನುಗ್ಗುತ್ತವೆ. ಒಂದೊಂದೂ ಹತ್ತಾರು ಟನ್ ತೂಗುವ ಪ್ರಾಣಿ. ಹೆಚ್ಚುಕಡಿಮೆಯಾದರೆ ಒಂದಕ್ಕೊಂದು ಗುದ್ದಿಕೊಳ್ಳಬೇಕು. ಆದರೆ ಒಂದೇ ತಂಡದಲ್ಲಿ ಪಳಗಿದವು ಮತ್ತೆ ಮತ್ತೆ ತಮ್ಮ ತಮ್ಮ ಜಾಗಕ್ಕೇ ಬರುತ್ತವೆ. ಅದೇ ಜೊತೆಗಾರರು ವರ್ಷ ವರ್ಷವೂ ಕೂಡುವುದನ್ನು ಅಲ್ಲಿ ಕೆಲಸ ಮಾಡುವವರು ಗುರುತಿಸಿದ್ದಾರೆ. ಗುರುತು ಬಾಲದ ಅಡಿಯ ಕಪ್ಪು ಬಿಳಿ ಮಚ್ಚೆ. ಅದು ನಮ್ಮ ಬೆರಳಚ್ಚಿದ್ದ ಹಾಗೆ, ಒಂದರದ್ದು ಇನ್ನೊಂದಕ್ಕಿಲ್ಲ.

ಇಷ್ಟಕ್ಕೇ ಇದು ಕಲಿತದ್ದು ಅನ್ನೋಕಾಗಲ್ಲ. ಗುಳ್ಳೆ ಬಿಡುವ ಹಂಪ್‌ಬ್ಯಾಕ್‌ಗಳು ಅಂಟಾರ್ಕ್ಟಿಕದಲ್ಲೂ ಇವೆ. ಹಾಗಾಗಿ ಗುಳ್ಳೆ ಬಿಡುವ ಚಾಳಿ ಸ್ವಲ್ಪ ಮಟ್ಟಿಗೆ ಹುಟ್ಟಿನಿಂದಲೇ ಬಂದಿರಬಹುದು ಅಂತ ಯಾರಾದರೂ ವಾದಿಸಿದರೆ ಸುಮ್ನೆ ತಳ್ಳಿಹಾಕುವಂತಿಲ್ಲ. ಅದಕ್ಕೇ ನನಗೆ ಅಮೆರಿಕದ ಪೂರ್ವ ಕರಾವಳಿಯ ಕತೆ ಮುಖ್ಯ ಅನಿಸೋದು.

ಅಲ್ಲಿ ಮೇನ್ ಕೊಲ್ಲಿಯ ತಿಮಿಂಗಿಲಗಳೂ ಗುಳ್ಳೆ ಬಲೆ ಹಾಕುತ್ತವೆ. 1980ರಲ್ಲಿ ಒಂದೇ ಒಂದು ತಿಮಿಂಗಿಲ ಇದಕ್ಕೆ ಹೊಸದೊಂದು ಸೇರಿಸಿದ್ದು ಕಂಡಿತು. ಮೊದಲು ಬಾಲದಿಂದ ನೀರಿಗೆ ಪಟಾರನೆ ಬಡಿಯುವುದು, ಆಮೇಲೆ ಮುಳುಗಿ ಗುಳ್ಳೆ ಬಿಡುವುದು. ಆ ಹೊತ್ತಿಗೆ ಅಲ್ಲಿ ಹೆರಿಂಗ್ ಕುಸಿದಿತ್ತು, ಸ್ಯಾಂಡ್ ಲ್ಯಾನ್ಸ್ ಅನ್ನೋ ಸಣ್ಣ, ತೆಳ್ಳನೆ ಮೀನು ಜಾಸ್ತಿಯಾಗಿತ್ತು. 2007ರ ಹೊತ್ತಿಗೆ ಅಲ್ಲಿನ ಶೇ. 37ರಷ್ಟು ತಿಮಿಂಗಿಲಗಳು ಬಾಲ ಬಡಿಯುತ್ತಿದ್ದವು. ಇಷ್ಟು ಬೇಗ ರಕ್ತದಲ್ಲಿ ಬರಲು ಸಾಧ್ಯವಿಲ್ಲ. 27 ವರ್ಷ ಅಂದರೆ ತಿಮಿಂಗಿಲಕ್ಕೆ ಒಂದೆರಡು ತಲೆಮಾರು ಅಷ್ಟೇ.

ಒಂದು ಅನುಮಾನ ಉಳಿಯುತ್ತದೆ. ಹೊಸ ಮೀನು ಬಂದಿದ್ದಕ್ಕೆ ಒಂದೊಂದೂ ತಾನೇ ಕಂಡುಕೊಂಡಿರಬಹುದಲ್ಲ? ಜೆನ್ನಿ ಅಲೆನ್ ಮತ್ತು ಜೊತೆಯವರು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನೇ ಪರೀಕ್ಷಿಸಿದರು. ತಿಮಿಂಗಿಲ ನೋಡುವ ದೋಣಿಗಳಿಂದ ಬರೆದಿಟ್ಟ 27 ವರ್ಷದ ದಾಖಲೆ ಅವರ ಕೈಯಲ್ಲಿತ್ತು. ಯಾವುದು ಯಾವುದರ ಜೊತೆ ಇತ್ತು, ಯಾವುದು ಯಾವಾಗ ಮೊದಲು ಬಾಲ ಬಡಿಯಿತು ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ತಾವೇ ಕಂಡುಕೊಂಡಿದ್ದರೆ ಅಲ್ಲಿ ಇಲ್ಲಿ ಚದುರಿದಂತೆ ಶುರುವಾಗಬೇಕಿತ್ತು. ಹಾಗಾಗಲಿಲ್ಲ. ಬಲ್ಲವರ ಜೊತೆ ಜಾಸ್ತಿ ಕಾಲ ಕಳೆದವೇ ಮೊದಲು ಕಲಿತಿದ್ದವು. ಸ್ಯಾಂಡ್ ಲ್ಯಾನ್ಸ್ ಹೆಚ್ಚಿದ್ದ ವರ್ಷಗಳಲ್ಲಿ ಹರಡುವಿಕೆಯೂ ಜೋರಾಗಿತ್ತು. ಮೀನು ಅವಕಾಶ ಕೊಟ್ಟಿತು, ಕಲಿಸಿದ್ದು ಮಾತ್ರ ಜೊತೆಗಾರರು.

ನಿನ್ನೆ ಗೆಳೆಯನಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾದ್ರೆ ಬಲ್ಲವು ನಾಲ್ಕು ಸತ್ತುಹೋದ್ರೆ?" ಅಂದ. ತಿಮಿಂಗಿಲ ಎಷ್ಟು ಉಳಿದಿವೆ ಅಂತ ಎಣಿಸುವ ಲೆಕ್ಕದಲ್ಲಿ ಈ ಪ್ರಶ್ನೆಗೆ ಒಂದು ಕಾಲಂ ಇರಬೇಕು ಅನ್ನೋದು ನನ್ನ ಅಭಿಪ್ರಾಯ. ನಮ್ಮ ದೊಡ್ಡಪ್ಪ ತೀರಿಕೊಂಡ ಮರುವರ್ಷ ಕೆರೆಗೆ ಇಳಿದವರು ಅಷ್ಟೇ ಜನ ಇದ್ದರು. ಬಲೆಯೂ ಅದೇ. ಯಾವಾಗ ಎಳೆಯಬೇಕು ಅಂತ ಕೂಗುವವರು ಇರಲಿಲ್ಲ.