ಶೌಚದ ನೋವೆಲ್ಲ ಪೈಲ್ಸ್ ಅಲ್ಲ

"ಮಲ ಹೋಗುವಾಗ ನೋವು, ರಕ್ತ ಬಂದರೆ ಪೈಲ್ಸ್, ಮನೆಮದ್ದು ಹಚ್ಚಿದರೆ ಸಾಕು."

ಮಂಗಳೂರು, ಉಡುಪಿಯ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಸುತ್ತುವ ಈ ಮಾತು ತಪ್ಪು. ಒಳಗಿನ ಪೈಲ್ಸ್‌ನಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ರಕ್ತ ಹೋಗುತ್ತದೆ. ಹೊರಗಿನದರಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಾತ್ರ ದಿಢೀರನೆ ನೋಯುವ ಗಂಟು.

ನೋವು ಯಾವಾಗ ಬರುತ್ತದೆ ಎಂದು ನೀವೇ ಗಮನಿಸಿ. ಶೌಚದ ವೇಳೆ ಬ್ಲೇಡಿನಲ್ಲಿ ಕೊಯ್ದಂತಾಗಿ, ಆಮೇಲೂ ಗಂಟೆಗಟ್ಟಲೆ ಉರಿದರೆ ಹೆಚ್ಚಾಗಿ ಅದು ಫಿಷರ್, ಗುದದ್ವಾರದ ಬಿರುಕು. ನೋವಿಗೆ ಸ್ನಾಯು ಬಿಗಿಯುತ್ತದೆ, ರಕ್ತಸಂಚಾರ ತಗ್ಗಿ ಗಾಯ ಬೇಗ ಮಾಯುವುದಿಲ್ಲ. ದಿನಕ್ಕೆ 2–3 ಸಲ, 10–15 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕೂತರೆ ಬಿಗಿತ ಸಡಿಲವಾಗುತ್ತದೆ. ಗಂಜಿಯ ಜೊತೆ ಬಸಳೆ, ಹೆಸರುಕಾಳು, ಸಾಕಷ್ಟು ನೀರು ಇರಲಿ, ಮಲ ಮೆತ್ತಗಾಗಬೇಕು. ರಕ್ತ ಕಂಡರೆ ವೈದ್ಯರಿಗೆ ತೋರಿಸಿಯೇ ತೀರಬೇಕು.

ಶೌಚಕ್ಕೆ ಹೋಗದಿದ್ದರೂ ಹಗಲಿರುಳು ಮಿಡಿಯುವ ನೋವು, ಪಕ್ಕದಲ್ಲಿ ಊತ, ಜ್ವರ ಇದ್ದರೆ ಕೀವು ತುಂಬಿರಬಹುದು. ಅದಕ್ಕೆ ಮುಲಾಮು ನಾಟುವುದಿಲ್ಲ, ಕೊಯ್ದು ಕೀವು ತೆಗೆಯಬೇಕು. ಅದೇ ದಿನ ಸರ್ಜನ್ ಬಳಿ ಹೋಗಿ.